17 ಮೇಲ್, 2 ಆರ್ಡರ್: ದೀಪಾವಳಿ ಡ್ರೈಫ್ರೂಟ್ ಬಾಕ್ಸ್ ಮಾರಿದ ಕಥೆ

2024ರ ಅಕ್ಟೋಬರ್ 14ರ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ 62 ವಿಳಾಸಗಳಿಗೆ ಒಂದೇ ಏಟಿಗೆ ಒಂದು ಮೇಲ್ ಕಳಿಸಿದೆ. ಕಲಬುರಗಿಯ ಕಿರಾಣಾ ಬಜಾರಿನಲ್ಲಿ ನಮ್ಮದು ಡ್ರೈಫ್ರೂಟ್ ಅಂಗಡಿ. ಅಪ್ಪನ ಕಾಲದಿಂದ ಮದುವೆ, ಸೀಮಂತ, ರಂಜಾನ್ ಅಂತ ಚಿಲ್ಲರೆ ವ್ಯಾಪಾರವೇ ನಡೆದಿತ್ತು. ಕಂಪನಿಗಳಿಗೆ ಹಬ್ಬದ ಬಾಕ್ಸ್ ಕೊಡಬೇಕು ಅನ್ನೋದು ನನ್ನ ಹುಚ್ಚು. ಅಪ್ಪನಿಗೆ ಹೇಳಿದಾಗ, "ಕಾಗದ ಬರದ್ರ ಗಿರಾಕಿ ಬರ್ತಾರೇನೋ?" ಅಂದಿದ್ದರು.

ಆ ವರ್ಷ ಅವರ ಮಾತೇ ನಿಜವಾಯಿತು. 62ರಲ್ಲಿ 9 ಮೇಲ್ ಆ ರಾತ್ರಿಯೇ ವಾಪಸ್ ಬಂದವು. ಜತೆಗೆ 14 ಎಂಬಿಯ ಒಂದು ಪಿಡಿಎಫ್ ಇಟ್ಟಿದ್ದೆ. ಬಣ್ಣಬಣ್ಣದ ಫೋಟೊ, ಮೊದಲ ಪುಟದಲ್ಲಿ ಲಕ್ಷ್ಮಿ, ಎರಡನೇ ಪುಟದಲ್ಲಿ ನಮ್ಮ ಅಜ್ಜನ ಫೋಟೊ. ಬಹಳಷ್ಟು ಕಂಪನಿಗಳ ಮೇಲ್ ಸರ್ವರ್ ಅಷ್ಟು ಭಾರದ ಫೈಲನ್ನು ಒಳಗೇ ಬಿಡಲ್ಲ ಅಂತ ಆಗ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. 62 ವಿಳಾಸಗಳನ್ನೂ 'To' ಜಾಗದಲ್ಲೇ ತುಂಬಿದ್ದೆ. ಎಲ್ಲರಿಗೂ ಎಲ್ಲರ ವಿಳಾಸ ಕಾಣಿಸುತ್ತಿತ್ತು. ಬಂದದ್ದು ಒಂದೇ ಉತ್ತರ. ಅದೂ 'ನನ್ನ ಹೆಸರು ತೆಗೆಯಿರಿ' ಅಂತ, ಎಲ್ಲರಿಗೂ ಹೋಗುವ ಹಾಗೆ.

ಆ ಉತ್ತರ ಬರೆದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಒಂದು ಆಸ್ಪತ್ರೆಯ ಎಚ್‌ಆರ್ ಅವರು. ಸಿಟ್ಟು ಇಳಿದ ಮೇಲೆ ಅವರೇ ಎರಡು ಮಾತು ಹೇಳಿದರು. "ದೀಪಾವಳಿ ಎರಡೂವರೆ ವಾರ ಅದ. ನಾವು ಆರ್ಡರ್ ಕೊಟ್ಟು ತಿಂಗಳಾತು. ಮತ್ತ, ನಿಮ್ಮ ಮೇಲ್ ಓದಿ ನಾನೇನು ಮಾಡಬೇಕ್ರಿ? ರೇಟೇ ಇಲ್ಲ ಅದ್ರಾಗ. 'ಬೆಸ್ಟ್ ಕ್ವಾಲಿಟಿ' ಅಂತ ನಾಲ್ಕು ಸಲ ಅದ. ನಾನು ನಮ್ಮ ಡೈರೆಕ್ಟರಿಗೆ ಏನಂತ ಫಾರ್ವರ್ಡ್ ಮಾಡ್ಲಿ?"

ಫಾರ್ವರ್ಡ್ ಅನ್ನೋ ಆ ಒಂದು ಮಾತು ತಲೆಯಲ್ಲಿ ಕೂತಿತು. ಎಚ್‌ಆರ್ ಗಿಫ್ಟ್ ಕೊಳ್ಳುವವರಲ್ಲ. ಅವರು ಒಂದು ನೋಟ್ ಬರೆದು ಮೇಲಿನವರ ಸಹಿ ತಗೊಂಡು, ಪರ್ಚೇಸ್ ವಿಭಾಗಕ್ಕೆ ಕೊಡುವವರು. ಅಂದರೆ ನನ್ನ ಮೇಲ್ ಓದುವವರು ಮೂರು ಜನ. ಅದರಲ್ಲಿ ಇಬ್ಬರಿಗೆ ನಾನು ಯಾರು ಅಂತಲೇ ಗೊತ್ತಿರಲ್ಲ. ಎಚ್‌ಆರ್ ಒಂದು ಅಕ್ಷರವನ್ನೂ ಸೇರಿಸದೆ ಮುಂದೆ ಕಳಿಸಿದರೂ ಅರ್ಥವಾಗಬೇಕು. 2025ರಲ್ಲಿ ಇದೊಂದನ್ನೇ ಇಟ್ಟುಕೊಂಡು ಮೇಲ್ ಬರೆದೆ.

ವಿಳಾಸದಿಂದ ಶುರು ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಸಿಗೋ 'info' ವಿಳಾಸಗಳನ್ನು ಎಲ್ಲಾ ಬಿಟ್ಟೆ. ಅವು ಯಾರ ಕಣ್ಣಿಗೂ ಬೀಳಲ್ಲ. ಫ್ಯಾಕ್ಟರಿಗಳಲ್ಲಿ ಟೈಮ್ ಆಫೀಸ್ ಅಂತ ಇರುತ್ತದೆ, ಹಾಜರಿ ನೋಡುವ ಜಾಗ. ಅಲ್ಲಿಗೆ ಫೋನ್ ಮಾಡಿ, 'ಹಬ್ಬದ ಗಿಫ್ಟ್ ಯಾರು ನೋಡ್ತಾರ್ರಿ?' ಅಂತ ಕೇಳಿದರೆ ಹತ್ತರಲ್ಲಿ ಆರು ಜನ ಹೇಳುತ್ತಾರೆ. ಎರಡು ಕಡೆ ಕ್ಯಾಂಟೀನ್ ಕಂಟ್ರಾಕ್ಟರ್ ಪರಿಚಯದವರಿದ್ದರು, ಅವರಿಂದ ಸಿಕ್ಕಿತು. ಸೇಡಂ, ಶಹಾಬಾದ್, ವಾಡಿ ಕಡೆ, ಊರೊಳಗಿನ ನಾಲ್ಕು ಆಸ್ಪತ್ರೆ, ಎರಡು ಕಾಲೇಜು, ಹುಮನಾಬಾದಿನ ಎರಡು ಕಾರ್ಖಾನೆ, ಎಲ್ಲಾ ಸೇರಿ 17 ಆಯಿತು. ಒಂದೊಂದಕ್ಕೂ ಬೇರೆ ಬೇರೆ ಮೇಲ್.

ಯಾವ ದಿನ ಕಳಿಸೋದು ಅನ್ನೋದಕ್ಕೂ ಲೆಕ್ಕ ಇದೆ. ತಿಂಗಳ ಮೊದಲ ವಾರ ಎಚ್‌ಆರ್ ಸಂಬಳದ ಗಡಿಬಿಡಿಯಲ್ಲಿರುತ್ತಾರೆ. 15ರೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು. ಅದು ಮುಗಿದ ಮೇಲೆಯೇ ಅವರು ಬೇರೆ ಮೇಲ್ ತೆರೆಯೋದು. 2025ರ ಆಗಸ್ಟ್ 15 ಶುಕ್ರವಾರ ಬಂದಿತ್ತು. ಸೋಮವಾರ ಬಿಟ್ಟು 19ರ ಮಂಗಳವಾರ ಕಳಿಸಿದೆ. ದೀಪಾವಳಿಗೆ ಸರಿಯಾಗಿ ಎರಡು ತಿಂಗಳು. ಸೆಪ್ಟೆಂಬರ್‌ನಲ್ಲಿ ಕಂಪನಿಗಳಲ್ಲಿ ಬೋನಸ್ ಮಾತುಕತೆ ಶುರುವಾಗುತ್ತದೆ. ಗಿಫ್ಟಿನ ಮಾತು ಬರೋದೂ ಸಾಮಾನ್ಯವಾಗಿ ಅದೇ ಮೀಟಿಂಗಿನಲ್ಲಿ. ಅದಕ್ಕೆ ಮೊದಲು ನಮ್ಮ ರೇಟು ಅವರ ಮೇಜಿನ ಮೇಲೆ ಇರಬೇಕು.

ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ವಿಷಯದ ಸಾಲು ಹೀಗೆ: 'ದೀಪಾವಳಿ ಡ್ರೈಫ್ರೂಟ್ ಬಾಕ್ಸ್, ₹400ರೊಳಗೆ, ಜಿಎಸ್‌ಟಿ ಸೇರಿ, ನಿಮ್ಮ ಗೇಟಿಗೆ ತಲುಪಿಸಿ'. ಶುಭಾಶಯ ಇಲ್ಲ, ದೀಪದ ಚಿತ್ರ ಇಲ್ಲ. ಒಳಗೆ ಮೊದಲ ಸಾಲಿನಲ್ಲಿ ನಾವು ಯಾರು, ಅಂಗಡಿ ಎಲ್ಲಿ. ಆಮೇಲೆ ಒಂದು ಸಣ್ಣ ಪಟ್ಟಿ: ಬಾಕ್ಸಿನಲ್ಲಿ ಏನೇನು, ಯಾವ ದರ್ಜೆ, ಎಷ್ಟು ಗ್ರಾಮ್. ಅದರ ಕೆಳಗೆ ಮೂಲ ಬೆಲೆ, ತೆರಿಗೆ, ಒಟ್ಟು. ಆರ್ಡರ್ ಕೊಡಲು ಕೊನೆ ದಿನ ಸೆಪ್ಟೆಂಬರ್ 30. ಸ್ಯಾಂಪಲ್ ಬಾಕ್ಸ್ ಒಂದು ಉಚಿತ, ನಾನೇ ತಂದು ಕೊಡುತ್ತೇನೆ. ಜಿಎಸ್‌ಟಿ ನಂಬರು, ಎಫ್‌ಎಸ್‌ಎಸ್‌ಎಐ ನಂಬರು ಮೇಲ್‌ನಲ್ಲೇ. ಒಂದೇ ಫೋಟೊ, ಬಾಕ್ಸ್ ತೆರೆದಿಟ್ಟದ್ದು, 300 ಕೆಬಿಗಿಂತ ಕಡಿಮೆ.

ದರ್ಜೆ ಬರೆಯೋದು ಯಾಕೆ ಅಂದರೆ, 'ಗೋಡಂಬಿ 100 ಗ್ರಾಮ್' ಅಂತ ಬರೆದರೆ ಅದು ಏನೂ ಹೇಳಲ್ಲ. ಗೋಡಂಬಿಯನ್ನು ಎಣಿಸಿ ದರ್ಜೆ ಮಾಡುತ್ತಾರೆ. W320 ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 300ರಿಂದ 320 ಇಡೀ ಬೀಜ. W240 ಅದಕ್ಕಿಂತ ದಪ್ಪ, ರೇಟೂ ಜಾಸ್ತಿ. 100 ಗ್ರಾಮ್ W320 ತಗೊಂಡು ಎಣಿಸಿದರೆ 66ರಿಂದ 70 ಬೀಜ ಬರಬೇಕು. 80 ಬಂತು ಅಂದರೆ ಯಾರೋ ಸಣ್ಣ ಮಾಲು ಸೇರಿಸಿದ್ದಾರೆ ಅಂತಲೇ. ಈ ಲೆಕ್ಕವನ್ನೂ ಮೇಲ್‌ನಲ್ಲಿ ಒಂದು ಸಾಲಾಗಿ ಬರೆದೆ, 'ಬೇಕಿದ್ದರೆ ಎಣಿಸಿ ನೋಡಿ' ಅಂತ. ಅದು ಗರ್ವದ ಮಾತು ಅನ್ನಿಸಬಹುದು. ಆದರೆ ಆ ಸಾಲಿನಿಂದಲೇ ನನ್ನ ಮೇಲ್ ನೆನಪಿತ್ತು ಅಂತ ಆಮೇಲೆ ಗೊತ್ತಾಯಿತು.

ಬಾಕ್ಸಿನ ಲೆಕ್ಕ ಹೇಳುತ್ತೇನೆ, ಮುಚ್ಚಿಡೋದೇನಿದೆ. ನಾಲ್ಕು ಖಾನೆ. W320 ಗೋಡಂಬಿ 100 ಗ್ರಾಮ್, ನನಗೆ ಬಿದ್ದದ್ದು ₹86. ಕ್ಯಾಲಿಫೋರ್ನಿಯಾ ಬಾದಾಮಿ 100 ಗ್ರಾಮ್, ₹80. ಒಣದ್ರಾಕ್ಷಿ 100 ಗ್ರಾಮ್, ₹38. ಉಪ್ಪು ಹಾಕಿ ಹುರಿದ ಸಿಪ್ಪೆ ಪಿಸ್ತಾ 50 ಗ್ರಾಮ್, ₹57.50. ಪಿಸ್ತಾ ಅರ್ಧವೇ ಯಾಕೆ? ಸಿಪ್ಪೆ ಇರೋದರಿಂದ 50 ಗ್ರಾಮಿಗೇ ಖಾನೆ ತುಂಬಿದ ಹಾಗೆ ಕಾಣುತ್ತದೆ. ಇದು ನಮ್ಮ ಧಂದೆಯ ಹಳೆ ಉಪಾಯ. ಗ್ರಾಮ್ ಬರೆದಿದ್ದರೆ ಮೋಸವಲ್ಲ, ಬರೆಯದಿದ್ದರೆ ಮೋಸ. ಮಾಲಿಗೇ ₹261.50 ಆಯಿತು. ಹೈದರಾಬಾದಿನಿಂದ ತರಿಸಿದ ಬಾಕ್ಸು, ಅದರ ಮೇಲೆ ಹಾಕುವ ಅಚ್ಚಿನ ಪಟ್ಟಿ ಸೇರಿ ₹48. ಒಳಗಿನ ನಾಲ್ಕು ಪೌಚು ₹8, ತುಂಬುವ ಕೂಲಿ ₹6, ಕಾರ್ಟನ್ ಮತ್ತು ಗಾಡಿ ಬಾಡಿಗೆ ₹7. ಆರಿಸುವಾಗ ಹೋಗುವ ಒಡಕು, ಹುಳುಕಿಗೆ ₹5. ಒಟ್ಟು ₹335.50.

₹357 ಮೂಲ ಬೆಲೆ ಇಟ್ಟೆ. ಬಾಕ್ಸಿಗೆ ಇಪ್ಪತ್ತೊಂದೂವರೆ ರೂಪಾಯಿ ಉಳಿಯುತ್ತದೆ. ತೆರಿಗೆ 12 ಪರ್ಸೆಂಟ್ ಸೇರಿಸಿದರೆ ₹400ಕ್ಕೆ ಹದಿನಾರು ಪೈಸೆ ಕಮ್ಮಿ. ಗೋಡಂಬಿ, ಒಣದ್ರಾಕ್ಷಿಗೆ ಆಗಲೂ 5 ಪರ್ಸೆಂಟ್ ಇತ್ತು. ಬಾದಾಮಿ, ಪಿಸ್ತಾಕ್ಕೆ 12. ಆದರೆ ಎಲ್ಲವನ್ನೂ ಒಂದು ಬಾಕ್ಸಿನಲ್ಲಿಟ್ಟು ಒಂದೇ ರೇಟಿಗೆ ಮಾರಿದರೆ ಅದರಲ್ಲಿ ಜಾಸ್ತಿ ಯಾವುದೋ ಅದೇ ತೆರಿಗೆ ಇಡೀ ಬಾಕ್ಸಿಗೆ. ಹೊಸದಾಗಿ ಗಿಫ್ಟ್ ಬಾಕ್ಸ್ ಮಾಡುವವರು ಆಗ ಇಲ್ಲಿ ಕಾಲು ಜಾರುತ್ತಿದ್ದರು. 5 ಅಂತ ಕೋಟ್ ಮಾಡಿಬಿಟ್ಟು ಆಮೇಲೆ ಕೈಯಿಂದ ಕಟ್ಟುತ್ತಿದ್ದರು.

ಒಂದು ವಾರ ಯಾರದ್ದೂ ಸುದ್ದಿಯಿಲ್ಲ. ಗಣೇಶ ಚತುರ್ಥಿ ಆದ ಮರುದಿನ, ಆಗಸ್ಟ್ 28ರಂದು, ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆದು ನೆನಪಿಸಿದೆ. ಒಬ್ಬರು ಉತ್ತರ ಕೊಟ್ಟರು: 'ನಮ್ಮ ಬಜೆಟ್ ಜುಲೈನಲ್ಲೇ ಮುಗಿಯುತ್ತದೆ'. ಇನ್ನೊಬ್ಬರು ₹150ರೊಳಗೆ ಏನಾದರೂ ಇದೆಯೇ ಅಂದರು. ₹150ಕ್ಕೆ ಡ್ರೈಫ್ರೂಟ್ ಬಾಕ್ಸ್ ಮಾಡಿದರೆ ಬಾಕ್ಸೇ ಜಾಸ್ತಿ, ಮಾಲು ಕಮ್ಮಿ. ಬೇಡ ಅಂದೆ.

ಆಮೇಲೆ ನಾನು ನೆನೆಸದ ಕಡೆಯಿಂದ ದಾರಿ ತೆರೆಯಿತು. ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಟಿವಿಯಲ್ಲಿ ಬಂತು. ಬಾದಾಮಿ, ಪಿಸ್ತಾ ಎಲ್ಲಾ 12ರಿಂದ 5 ಪರ್ಸೆಂಟಿಗೆ, 22ರಿಂದ ಜಾರಿ. ಅಪ್ಪ ಟಿವಿ ನೋಡುತ್ತಾ, "ಇನ್ನ 22ರ ತನಕ ಯಾರೂ ಬಾದಾಮಿ ಕೊಳ್ಳಂಗಿಲ್ಲ ನೋಡು" ಅಂದರು. ಅದೂ ನಿಜವೇ ಆಯಿತು. ನಾನು ಮಾತ್ರ ಮರುದಿನ ಬೆಳಿಗ್ಗೆ ಅಂಗಡಿ ತೆಗೆಯೋಕೆ ಮೊದಲು 17 ಜನಕ್ಕೂ ಮೂರನೇ ಸಲ ಬರೆದೆ. ಮೂಲ ಬೆಲೆ ಅದೇ ₹357, ತೆರಿಗೆ ಈಗ 5, ಒಟ್ಟು ₹374.85. ಬಿಲ್ಲು 22ರ ನಂತರವೇ ಹಾಕುತ್ತೇನೆ. ಇಷ್ಟೇ.

ತಿಂಗಳ ಮೊದಲ ವಾರ, ಸಂಬಳದ ಗಡಿಬಿಡಿ ಅಂತ ನಾನೇ ಹೇಳಿದೆನಲ್ಲ? ಆದರೂ ಅವತ್ತೇ ಮೂರು ಉತ್ತರ ಬಂದವು. ಕೇಳುವ ಮೊದಲೇ ರೇಟು ಇಳಿಸಿದವನ ಮೇಲ್ ಯಾರು ಓದಲ್ಲ ಹೇಳಿ. ಸುಮ್ನೆ ₹400 ಅಂತ ಒಂದೇ ಅಂಕಿ ಬರೆದಿದ್ದರೆ ಈ ಮೇಲ್ ಬರೆಯೋಕೇ ಆಗುತ್ತಿರಲಿಲ್ಲ. ತೆರಿಗೆ ಬೇರೆ ತೋರಿಸಿದ್ದಕ್ಕೆ ಇಳಿದದ್ದು ಕಣ್ಣಿಗೆ ಕಂಡಿತು. ನನಗೇನೂ ನಷ್ಟವಿರಲಿಲ್ಲ. ನಾನು 12 ಕೊಟ್ಟು ತಂದ ಬಾದಾಮಿಯ ಜಾಸ್ತಿ ತೆರಿಗೆ ನನ್ನ ಲೆಡ್ಜರಿನಲ್ಲಿ ಕ್ರೆಡಿಟ್ ಆಗಿ ಉಳಿದು, ಮುಂದೆ ನಾನು ಕಟ್ಟಬೇಕಾದ ತೆರಿಗೆಯಲ್ಲಿ ನಿಧಾನಕ್ಕೆ ಕರಗುತ್ತದೆ, ಅಷ್ಟೇ.

ಮೂರರಲ್ಲಿ ಒಂದು ಸೇಡಂ ಕಡೆಯ ಒಂದು ಫ್ಯಾಕ್ಟರಿಯದ್ದು, 340 ಬಾಕ್ಸ್. ಎಚ್‌ಆರ್ ಮೇಡಂ ಸಂಜೆ ಫೋನ್ ಮಾಡಿದರು. "ನಮಗ ಗಿಫ್ಟಿನ ಜಿಎಸ್‌ಟಿ ವಾಪಸ್ ಸಿಗಂಗಿಲ್ರಿ. ಅದು ಖರ್ಚೇ. ಅದಕ್ಕ ನಾ ಒಟ್ಟು ರೇಟೇ ನೋಡೋದು" ಅಂದರು. ಹೌದು, ಗಿಫ್ಟ್ ಕೊಟ್ಟ ಮಾಲಿನ ತೆರಿಗೆಗೆ ಕಂಪನಿಗೆ ಕ್ರೆಡಿಟ್ ಇಲ್ಲ. ಉಳಿದ ಮಾಲಿಗೆ 'ಪ್ಲಸ್ ಜಿಎಸ್‌ಟಿ' ಅಂತ ಬರೆದರೆ ನಡೆಯುತ್ತದೆ, ಗಿಫ್ಟಿಗೆ ನಡೆಯಲ್ಲ.

ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವ. ಮರುದಿನ ಸ್ಯಾಂಪಲ್ ತಗೊಂಡು ಹೋದೆ. ಮಳೆಗಾಲದಲ್ಲಿ ಆ ರಸ್ತೆ ನಂಬೋ ಹಾಗಿಲ್ಲ. ಕಾಗಿಣಾ ನದಿ ಉಕ್ಕಿದರೆ ಮಳಖೇಡದ ಹತ್ತಿರ ಗಾಡಿ ನಿಂತೇಬಿಡುತ್ತವೆ. ಹೀಗಾಗಿ ಡೆಲಿವರಿ ತಾರೀಕನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ, ಅಕ್ಟೋಬರ್ 16 ಅಂತ ಬರೆದುಕೊಟ್ಟಿದ್ದೆ. ಎರಡು ಸ್ಯಾಂಪಲ್ ಒಯ್ದಿದ್ದೆ. ಒಂದು ಬಿಚ್ಚಿ ತಿನ್ನೋಕೆ. ಇನ್ನೊಂದರ ಮೇಲೆ ಇಬ್ಬರೂ ಸಹಿ ಮಾಡಿ ಅವರ ಬೀರುವಿನಲ್ಲಿ ಇಡೋಕೆ. ಮಾಲು ಬಂದ ದಿನ ಅದರ ಜತೆ ಹೋಲಿಸಿ ನೋಡಲಿ ಅಂತ.

ಫ್ಯಾಕ್ಟರಿ ಹೆಡ್ ಅವರ ಕ್ಯಾಬಿನ್ನಿನಲ್ಲಿ ಮೇಡಂ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ನೋಡಿದರೆ ನನ್ನ ಮೇಲ್‌ನ ಪಟ್ಟಿಯೇ. ಗ್ರಾಮ್, ದರ್ಜೆ, ಬೆಲೆ, ತೆರಿಗೆ, ಎಲ್ಲಾ ಹಾಗೇ ಇಳಿಸಿ, ಮೇಲೆ 'ಮಂಜೂರಾತಿಗಾಗಿ' ಅಂತ ಒಂದು ಸಾಲು ಸೇರಿಸಿದ್ದರು. ಪಕ್ಕದಲ್ಲಿ ಬೇರೆ ಇಬ್ಬರ ಕೋಟೇಶನ್ ಇತ್ತು. ಒಂದರಲ್ಲಿ 'ಪ್ರೀಮಿಯಂ ಗೋಡಂಬಿ' ಅಂತ ಮಾತ್ರ ಇತ್ತು, ಗ್ರಾಮ್ ಇರಲಿಲ್ಲ. ಹೆಡ್ ಸಾಹೇಬರು ಮಾತಾಡದೆ ನಮ್ಮ ಗೋಡಂಬಿ ಪೌಚ್ ಹರಿದು ಪೇಪರಿನ ಮೇಲೆ ಸುರಿದು ಎಣಿಸತೊಡಗಿದರು. 68. "ಬರದಂಗ ಅದ ಬಿಡ್ರಿ" ಅಂದರು. ಆಮೇಲೆ ಮೇಡಂ ಕಡೆ ತಿರುಗಿ, "₹400 ಮಂಜೂರಾಗ್ಯದ. ಉಳಿದ ₹25ಕ್ಕ ಇನ್ನೊಂದೀಟು ಪಿಸ್ತಾ ಹಾಕಸ್ರಿ" ಅಂದರು.

20 ಗ್ರಾಮ್ ಪಿಸ್ತಾ ಜಾಸ್ತಿ ಮಾಡಿದರೆ ₹23. ಮೂಲ ಬೆಲೆ ₹380, ತೆರಿಗೆ ಸೇರಿ ₹399. ಪರ್ಚೇಸ್ ಆರ್ಡರ್ 26ರಂದು ಹಾಗೇ ಬಂತು.

ಈಗ ನನ್ನ ದಡ್ಡತನದ ಮಾತು. ಖುಷಿಯಲ್ಲಿ 19ರಂದೇ ಪ್ರೆಸ್ಸಿಗೆ ಹೋಗಿ ಬಾಕ್ಸಿನ ಮೇಲಿನ ಪಟ್ಟಿ 380 ಅಚ್ಚು ಹಾಕಿಸಿಬಿಟ್ಟಿದ್ದೆ. 340ಕ್ಕೆ ಮೇಲೆ 40 ಹೆಚ್ಚುವರಿ. ಹಳೇ ಫೈಲನ್ನೇ ಕೊಟ್ಟಿದ್ದೆ. ಅಕ್ಟೋಬರ್ 8ರಂದು ತುಂಬುವಾಗ ನನ್ನಾಕೆ ಪೌಚುಗಳ ತೂಕ ಕೂಡಿಸಿ ನೋಡಿ, "ರೀ, ಇದ್ರ ಮ್ಯಾಲ 350 ಗ್ರಾಮ್ ಅಂತ ಅದ. ಒಳಗ 370 ಅದಲ್ರೀ" ಅಂದಳು. ಜಾಸ್ತಿ ಇದ್ದರೆ ಏನಾಯಿತು ಅನ್ನಿಸಬಹುದು. ಆದರೆ ಆರ್ಡರಿನಲ್ಲಿ 370 ಇದೆ, ಬಾಕ್ಸಿನ ಮೇಲೆ 350. ಸ್ಟೋರಿನವರು ಮಾಲು ಒಳಗೇ ತಗೊಳ್ಳಲ್ಲ. ಸ್ಟಿಕರ್ ಅಂಟಿಸೋಣ ಅಂದುಕೊಂಡೆ. ಪ್ಯಾಕ್ ಮಾಡಿದ ಮಾಲಿನ ನಿಯಮದಲ್ಲಿ ಅಚ್ಚಾದ ತೂಕವನ್ನು ಸ್ಟಿಕರ್ ಹಚ್ಚಿ ತಿದ್ದುವ ಹಾಗಿಲ್ಲ ಅಂತ ಪ್ರೆಸ್ಸಿನವರೇ ಹೇಳಿದರು. 380 ಪಟ್ಟಿ ಮತ್ತೆ ಅಚ್ಚಾಯಿತು. ಒಂದಕ್ಕೆ ₹9, ಒಟ್ಟು ₹3,420, ನನ್ನ ಜೇಬಿನಿಂದ.

ಹೆಚ್ಚುವರಿ 40 ಮಾಡಿಸಿದ್ದು ಮಾತ್ರ ಕೈ ಹಿಡಿಯಿತು. 13ರಂದು ಮೇಡಂ ಫೋನ್. "ಸರ, ಕಂಟ್ರಾಕ್ಟ್ ಸೂಪರ್‌ವೈಸರ್‌ಗಳಿಗೂ ಕೊಡಬೇಕಂತ. 372 ಮಾಡ್ರಿ." ಇದು ಪ್ರತಿ ಕಂಪನಿಯಲ್ಲೂ ಆಗುತ್ತದಂತೆ. ಮೊದಲು ಹೇಳಿದ ಸಂಖ್ಯೆ ಕೊನೆಗೆ ಹತ್ತು ಪರ್ಸೆಂಟ್‌ನಷ್ಟು ಏರುತ್ತದೆ, ಇಳಿಯೋದು ಕಮ್ಮಿ. ಮಾಲು ಸಿಗುತ್ತದೆ, ಅಚ್ಚಾದ ಬಾಕ್ಸ್ ಮೂರು ದಿನದಲ್ಲಿ ಸಿಗಲ್ಲ. 16ರ ಬೆಳಿಗ್ಗೆ ಟೆಂಪೊ ಹೊರಟಿತು. ಗೇಟಿನಲ್ಲಿ ಎರಡು ಬಾಕ್ಸ್ ತೆಗೆದು ಬೀರುವಿನ ಸ್ಯಾಂಪಲ್ ಪಕ್ಕ ಇಟ್ಟು ನೋಡಿ ಸಹಿ ಹಾಕಿದರು.

ಒಟ್ಟು ಬಿಲ್ಲು ₹1,48,428. ಕೇಳೋಕೆ ಚೆನ್ನಾಗಿದೆ. ಬಾಕ್ಸಿಗೆ ಇಪ್ಪತ್ತೊಂದೂವರೆಯಂತೆ ಸುಮಾರು ₹8,000 ಲಾಭ, ಅದರಲ್ಲಿ ಪ್ರೆಸ್ಸಿನ ₹3,420 ಹೋಯಿತು. ಉಳಿದದ್ದು ನಾಲ್ಕೂವರೆ ಸಾವಿರ. 30 ದಿನಕ್ಕೆ ಅಂತ ಆರ್ಡರಿನಲ್ಲಿದ್ದ ಹಣ 52ನೇ ದಿನ ಬಂತು. ನಡುವೆ ಅಕೌಂಟ್ಸ್‌ನವರಿಗೆ ಫೋನ್ ಮಾಡಿ, 'ನಮ್ಮದು ಉದ್ಯಮ್ ರಿಜಿಸ್ಟ್ರೇಶನ್ ಆಗಿದೆ, ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕಲ್ಲವೇ' ಅಂದೆ. ಅವರು ಶಾಂತವಾಗಿ, "ನೀವು ಟ್ರೇಡರ್ ಇದ್ದೀರಲ್ರಿ, ನಿಮಗದು ಬರಂಗಿಲ್ಲ" ಅಂದರು. ನಮ್ಮ ಆಡಿಟರನ್ನು ಕೇಳಿದೆ. ನಿಜ. ಕೊಂಡು ಮಾರುವವರಿಗೆ ಆ ರಿಜಿಸ್ಟ್ರೇಶನ್ ಬ್ಯಾಂಕ್ ಸಾಲಕ್ಕೆ ಮಾತ್ರ ಉಪಯೋಗ. ತಡವಾದ ಹಣಕ್ಕೆ ಅದನ್ನು ಹಿಡಿದು ಕೇಳೋಕಾಗಲ್ಲ.

ಎರಡನೇ ಆರ್ಡರ್ ಒಂದು ಆಸ್ಪತ್ರೆಯದ್ದು, 85 ಬಾಕ್ಸ್. ಹಿಂದಿನ ವರ್ಷ 'ನನ್ನ ಹೆಸರು ತೆಗೆಯಿರಿ' ಅಂದವರದ್ದೇ. ಅರ್ಧ ಮುಂಗಡ, ಉಳಿದರ್ಧ ಮಾಲು ಇಳಿಸಿದ ದಿನವೇ. ಒಂದೊಂದು ಬಾಕ್ಸಿನ ಲಾಭದ ಲೆಕ್ಕದಲ್ಲಿ ಇದೇ ಮೇಲು.

ಈಗ ಅಂಗಡಿಯ ಗಲ್ಲಾ ಪಕ್ಕ ಒಂದು ವಹಿ ಇದೆ. 17 ಹೆಸರು, ಪ್ರತಿಯೊಂದರ ಮುಂದೆ ಯಾರು ಸಹಿ ಮಾಡುತ್ತಾರೆ, ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ, ಯಾವ ತಿಂಗಳು ಬಜೆಟ್. ಸೇಡಂ ಫ್ಯಾಕ್ಟರಿಯ ಮುಂದೆ 52 ಅಂತ ಬರೆದು ಸುತ್ತ ಗೆರೆ ಎಳೆದಿದ್ದೇನೆ. ಮುಂದಿನ ಸಲ ಅವರಿಗೆ ಬೆಲೆ ₹6 ಜಾಸ್ತಿ. 'ಬಜೆಟ್ ಜುಲೈನಲ್ಲೇ ಮುಗಿಯುತ್ತದೆ' ಅಂದವರ ಮುಂದೆ ಜೂನ್ 17 ಅಂತ ಬರೆದಿದೆ. ಪಿಎಫ್ ಕಟ್ಟಿ ಎರಡು ದಿನ ಆಗಿರುತ್ತದೆ.